140 ಮಿ.ಮೀ. ಬ್ಲ್ಯಾಂಕಿನಿಂದ 60 ಮಿ.ಮೀ. ಕಪ್: ಡೀಪ್ ಡ್ರಾಯಿಂಗ್‌ನ ಲೆಕ್ಕ, ಸುಕ್ಕು ಮತ್ತು ಬಿರುಕು

ಪುಣೆಯ ಭೋಸರಿ, ಚಿಂಚವಡ, ಚಾಕಣ ಭಾಗದ ಪ್ರೆಸ್ ಶಾಪ್‌ಗಳಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಸೆಟರ್, ಫಿಟರ್, ಟೂಲ್ ರೂಮ್ ಕೆಲಸದಲ್ಲಿ ನೆಲೆಯೂರಿದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹಲವರ ಕೈಗೆ ಪ್ರೆಸ್ಸಿನ ಅನುಭವ ಚೆನ್ನಾಗಿ ಬಂದಿರುತ್ತದೆಯಾದರೂ ಪ್ರೆಸ್ಸಿನಲ್ಲಿ ಎಳೆದು ಕಪ್ ಮಾಡುವ ದುಂಡು ತಗಡಿನ, ಅಂದರೆ ಬ್ಲ್ಯಾಂಕಿನ, ಅಳತೆ ಎಲ್ಲಿಂದ ಬಂತು, ಎರಡು ಬಾರಿ ಯಾಕೆ ಎಳೆಯಬೇಕು, ಕಪ್ ಹರಿದಾಗ ಗಾಳಿಯ ಒತ್ತಡ ಇಳಿಸಬೇಕೋ ಏರಿಸಬೇಕೋ ಎಂಬುದನ್ನು ಕನ್ನಡದಲ್ಲಿ ಕೂತು ವಿವರಿಸಿದವರು ಕಡಿಮೆ. ಆದ್ದರಿಂದ ಇಲ್ಲಿ ಒಂದೇ ಒಂದು ಕಪ್ಪನ್ನು ತೆಗೆದುಕೊಂಡು, ಅದರ ಬ್ಲ್ಯಾಂಕ್ ಲೆಕ್ಕದಿಂದ ಆರಂಭಿಸಿ ದೋಷ ಪತ್ತೆಯವರೆಗೆ ಹೋಗುತ್ತೇನೆ. ಚೌಕಾಕಾರದ ಡಬ್ಬಿಗಳ ಮತ್ತು ಫ್ಲೇಂಜ್ ಉಳಿಸಿಕೊಳ್ಳುವ ಭಾಗಗಳ ಲೆಕ್ಕ ಬೇರೆಯಾದ್ದರಿಂದ ಅವನ್ನು ಇಲ್ಲಿ ತರುವುದಿಲ್ಲ.

ನಮ್ಮ ಕಪ್ ಫಿಲ್ಟರಿನ ಹೊರಕವಚದಂಥದ್ದು. ತಗಡಿನ ದಪ್ಪ 1 ಮಿ.ಮೀ., ಕಪ್ಪಿನ ವ್ಯಾಸ 60 ಮಿ.ಮೀ., ಎತ್ತರ 64 ಮಿ.ಮೀ., ತಳದ ಮೂಲೆಯ ತ್ರಿಜ್ಯ 6 ಮಿ.ಮೀ. ಈ ಎಲ್ಲ ಅಳತೆಗಳೂ ತಗಡಿನ ದಪ್ಪದ ನಡುಗೆರೆಯ ಮೇಲಿನವು. ಡ್ರಾಯಿಂಗ್ ಹಾಳೆಯಲ್ಲಿ ಹೊರವ್ಯಾಸ 61 ಎಂದು ಬರೆದಿದ್ದರೆ ಲೆಕ್ಕಕ್ಕೆ 60 ಹಿಡಿಯಬೇಕು. ತಗಡು ಐ.ಎಸ್. 513ರ ಎಕ್ಸ್‌ಟ್ರಾ ಡೀಪ್ ಡ್ರಾಯಿಂಗ್ ದರ್ಜೆಯದು. ಇದನ್ನು ಶಾಪ್‌ಗಳಲ್ಲಿ ಇಂದಿಗೂ ಇ.ಡಿ.ಡಿ. ಎಂದೇ ಕರೆಯುತ್ತಾರೆ, ಪ್ರಮಾಣಪತ್ರದಲ್ಲಿ ಸಿ.ಆರ್. 4 ಎಂದಿರುತ್ತದೆ.

ಬ್ಲ್ಯಾಂಕಿನ ಅಳತೆ

ಎಳೆಯುವಾಗ ತಗಡು ಕೆಲವೆಡೆ ತೆಳುವಾಗುತ್ತದೆ, ಕೆಲವೆಡೆ ದಪ್ಪವಾಗುತ್ತದೆ, ಆದರೆ ಸರಾಸರಿಯಲ್ಲಿ ದಪ್ಪ ಬಹುತೇಕ ಹಾಗೆಯೇ ಉಳಿಯುತ್ತದೆ ಎಂದು ಒಪ್ಪಿಕೊಂಡರೆ, ಬ್ಲ್ಯಾಂಕಿನ ವಿಸ್ತೀರ್ಣವೂ ಕಪ್ಪಿನ ಮೇಲ್ಮೈ ವಿಸ್ತೀರ್ಣವೂ ಸಮ ಎಂದಾಗುತ್ತದೆ. ಇಡೀ ಲೆಕ್ಕ ನಿಂತಿರುವುದು ಇದೊಂದರ ಮೇಲೆ. ತಳದ ಚಪ್ಪಟೆ ವೃತ್ತ, ದುಂಡಾದ ಮೂಲೆ, ನೆಟ್ಟಗಿನ ಗೋಡೆ, ಈ ಮೂರರ ವಿಸ್ತೀರ್ಣವನ್ನು ಕೂಡಿಸಿ ಸರಳಗೊಳಿಸಿದರೆ ಬರುವ ಸೂತ್ರ ಹೀಗಿದೆ:

```
D = √(d² + 4·d·h − 1.72·r·d − 0.56·r²)
```

ಇಲ್ಲಿ D ಬ್ಲ್ಯಾಂಕಿನ ವ್ಯಾಸ, d ಕಪ್ಪಿನ ವ್ಯಾಸ, h ಎತ್ತರ, r ಮೂಲೆಯ ತ್ರಿಜ್ಯ. ಅಂಕಿಗಳನ್ನು ತುಂಬುವ ಮೊದಲು ಎತ್ತರಕ್ಕೆ ಟ್ರಿಮ್ಮಿಂಗ್ ಅಂಚನ್ನು ಸೇರಿಸಬೇಕು, ಏಕೆಂದರೆ ಎಳೆದ ಕಪ್ಪಿನ ಬಾಯಿ ಎಂದೂ ಸಮತಲವಾಗಿ ಬರುವುದಿಲ್ಲ. ರೋಲಿಂಗ್ ಆದ ತಗಡಿಗೆ ರೋಲಿಂಗ್ ದಿಕ್ಕಿನಲ್ಲಿ ಒಂದು ಗುಣ, ಅದಕ್ಕೆ 45 ಡಿಗ್ರಿಯಲ್ಲಿ ಇನ್ನೊಂದು ಗುಣ ಇರುವುದರಿಂದ ಬಾಯಂಚಿನಲ್ಲಿ ಸಾಮಾನ್ಯವಾಗಿ ನಾಲ್ಕು ಕಡೆ ಕಿವಿಗಳು ಏಳುತ್ತವೆ. ಅವನ್ನು ಕತ್ತರಿಸಲು ನಮ್ಮ ಕಪ್ಪಿಗೆ 5 ಮಿ.ಮೀ. ಸಾಕು. ಆಗ ಎತ್ತರ 69 ಆಗುತ್ತದೆ, ಸೂತ್ರದ ಒಳಗಿನ ಮೊತ್ತ 3600 + 16560 − 619 − 20, ಅಂದರೆ 19521. ಅದರ ವರ್ಗಮೂಲ 139.7. ಬ್ಲ್ಯಾಂಕನ್ನು 140 ಮಿ.ಮೀ. ಎಂದು ಹಿಡಿಯೋಣ.

ಮೂಲೆಯ ತ್ರಿಜ್ಯದ ಪದಗಳನ್ನು ಬಿಟ್ಟು ಬರೀ d² + 4dh ಹಾಕಿದ್ದರೆ 142 ಬರುತ್ತಿತ್ತು. ಎರಡು ಮಿಲಿಮೀಟರ್ ತಾನೇ ಎನಿಸಬಹುದು, ಆದರೆ ಆ ಹೆಚ್ಚುವರಿ ತಗಡು ಬಾಯಂಚಿನಲ್ಲಿ ಕತ್ತರಿಸಿ ಎಸೆಯುವ ವಸ್ತುವಾಗುವುದಲ್ಲದೆ ಎಳೆಯುವ ಹೊರೆಯನ್ನೂ ಏರಿಸುತ್ತದೆ. ಬ್ಲ್ಯಾಂಕಿಂಗ್ ಡೈ ಗಡಸು ಮಾಡಿಸುವ ಮೊದಲು ಲೇಥಿನಲ್ಲಿ ತಿರುಗಿಸಿದ ಕೆಲವು ಬ್ಲ್ಯಾಂಕ್‌ಗಳನ್ನು ಎಳೆದು ನೋಡಿ ಅಳತೆ ಖಚಿತ ಮಾಡಿಕೊಳ್ಳುವ ಹಳೆಯ ಪದ್ಧತಿ ಇಂದಿಗೂ ಸರಿಯಾದದ್ದೇ. ಡ್ರಾ ಡೈ ಮೊದಲು, ಬ್ಲ್ಯಾಂಕಿಂಗ್ ಡೈ ನಂತರ.

ಡ್ರಾ ಅನುಪಾತ: ಒಂದೇ ಹೊಡೆತದಲ್ಲಿ ಯಾಕಾಗದು

ಬ್ಲ್ಯಾಂಕಿನ ವ್ಯಾಸವನ್ನು ಕಪ್ಪಿನ ವ್ಯಾಸದಿಂದ ಭಾಗಿಸಿದರೆ ಡ್ರಾ ಅನುಪಾತ. ನಮ್ಮಲ್ಲಿ 140ನ್ನು 60ರಿಂದ ಭಾಗಿಸಿದರೆ 2.33. ಇ.ಡಿ.ಡಿ. ತಗಡಿಗೆ, ಎಲ್ಲವೂ ಅನುಕೂಲವಾಗಿದ್ದಾಗ, ಮೊದಲ ಎಳೆತದಲ್ಲಿ ಸಾಧ್ಯವಾಗುವ ಮಿತಿ ಸುಮಾರು 2ರ ಆಸುಪಾಸಿನಲ್ಲಿದೆ. ದಿನನಿತ್ಯದ ಉತ್ಪಾದನೆಗೆ 1.8ರಲ್ಲಿ ನಿಲ್ಲುವುದು ಜಾಣತನ.

ಈ ಮಿತಿ ಎಲ್ಲಿಂದ ಬರುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಮುಂದಿನ ಎಲ್ಲ ದೋಷಗಳೂ ತಾವಾಗಿ ಅರ್ಥವಾಗುತ್ತವೆ. ಪಂಚ್ ಕೆಳಗಿಳಿಯುವಾಗ ಡೈ ಮೇಲೆ ಚಪ್ಪಟೆಯಾಗಿ ಮಲಗಿರುವ ಹೊರಬಳೆ, ಅಂದರೆ ಫ್ಲೇಂಜ್, ಒಳಗೆ ಸರಿಯುತ್ತ ಕಿರಿದಾಗಬೇಕು. ಅದನ್ನು ಕಿರಿದುಗೊಳಿಸುವ ಶಕ್ತಿಯನ್ನು ಪಂಚ್ ನೇರವಾಗಿ ಫ್ಲೇಂಜಿಗೆ ಕೊಡುವುದಿಲ್ಲ. ಪಂಚ್ ಒತ್ತುವುದು ಕಪ್ಪಿನ ತಳವನ್ನು. ತಳ ಗೋಡೆಯನ್ನು ಎಳೆಯುತ್ತದೆ. ಗೋಡೆ ಫ್ಲೇಂಜನ್ನು ಎಳೆಯುತ್ತದೆ. ಹಾಗಾಗಿ ಫ್ಲೇಂಜ್ ಎಷ್ಟೇ ದೊಡ್ಡದಿರಲಿ, ಅದನ್ನು ಎಳೆಯುವ ಬಲ 1 ಮಿ.ಮೀ. ದಪ್ಪದ ಗೋಡೆ ತಾಳುವಷ್ಟನ್ನು ಮೀರಲಾರದು. ಫ್ಲೇಂಜ್ ಕೇಳುವ ಬಲ ಗೋಡೆಯ ತಾಳಿಕೆಯನ್ನು ದಾಟಿದ ಕ್ಷಣ ಕಪ್ ಹರಿಯುತ್ತದೆ, ಪ್ರೆಸ್ 60 ಟನ್ನಿನದಾದರೂ ಅಷ್ಟೇ, 200 ಟನ್ನಿನದಾದರೂ ಅಷ್ಟೇ.

ಆದ್ದರಿಂದ ನಮ್ಮ ಕಪ್ಪನ್ನು ಎರಡು ಎಳೆತಗಳಲ್ಲಿ ಮಾಡೋಣ. ಮೊದಲ ಎಳೆತ 140ರಿಂದ 78ಕ್ಕೆ, ಅನುಪಾತ 1.8. ಎರಡನೆಯದು 78ರಿಂದ 60ಕ್ಕೆ, ಅನುಪಾತ 1.3. ಎರಡನೆಯ ಬಾರಿಗೆ ಇಷ್ಟು ಕಡಿಮೆ ಇಡಲು ಕಾರಣ, ಮೊದಲ ಎಳೆತದಲ್ಲಿ ಗೋಡೆಯ ಉಕ್ಕು ಗಡುಸಾಗಿ ತನ್ನ ಹಿಗ್ಗುವ ಗುಣದ ಬಹುಪಾಲನ್ನು ಖರ್ಚು ಮಾಡಿರುತ್ತದೆ. ಕಾಯಿಸಿ ಮೆದುಗೊಳಿಸದೆ, ಅಂದರೆ ಅನೀಲಿಂಗ್ ಇಲ್ಲದೆ, ಸುಮಾರು 25 ಪ್ರತಿಶತಕ್ಕಿಂತ ಹೆಚ್ಚು ವ್ಯಾಸ ಇಳಿಸಲು ಹೋಗಬಾರದು. ನಮ್ಮದು 23 ಪ್ರತಿಶತ.

ಮೊದಲ ಕಪ್ಪಿನ ಎತ್ತರವನ್ನೂ ಅದೇ ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. ವ್ಯಾಸ 78, ಮೂಲೆಯ ತ್ರಿಜ್ಯ 8 ಎಂದಿಟ್ಟುಕೊಂಡರೆ ಎತ್ತರ 47 ಮಿ.ಮೀ. ಬರುತ್ತದೆ. ಈ 47 ಎಂಬ ಅಂಕಿಯನ್ನು ಸೆಟ್ಟಿಂಗ್ ಕಾರ್ಡಿನಲ್ಲಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಉಪಕರಣದ ಅಳತೆಗಳು

ಮೊದಲ ಎಳೆತದ ಪಂಚ್ ವ್ಯಾಸ 77. ಪಂಚ್ ಮತ್ತು ಡೈ ನಡುವೆ ಒಂದೊಂದು ಬದಿಗೆ 1.1 ಮಿ.ಮೀ. ಅಂತರ ಕೊಟ್ಟರೆ ಡೈ ರಂಧ್ರ 79.2 ಆಗುತ್ತದೆ. ಅಂತರ ದಪ್ಪಕ್ಕಿಂತ ಹೆಚ್ಚಿರಲು ಕಾರಣ, ಫ್ಲೇಂಜಿನ ಅಂಚು ಒಳಬರುವಾಗ ದಪ್ಪವಾಗುತ್ತದೆ. ಪಂಚಿನ ಮೂಗಿನ ತ್ರಿಜ್ಯ 7.5. ಪಂಚಿನ ನಡುವೆ ಗಾಳಿ ಹೋಗುವ ತೂತು ಇರಲೇಬೇಕು, ಇಲ್ಲದಿದ್ದರೆ ಕಪ್ ಪಂಚಿಗೆ ಕಚ್ಚಿಕೊಂಡು, ಬಿಡಿಸುವಾಗ ತಳ ಒಳಗೆ ಕುಸಿಯುತ್ತದೆ.

ಡೈ ತ್ರಿಜ್ಯದ ಬಗ್ಗೆ ಸ್ವಲ್ಪ ನಿಲ್ಲಬೇಕು. ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ:

```
r(ಡೈ) = 0.8·√((D − d)·t)
```

ನಮ್ಮ ಅಂಕಿಗಳಿಗೆ 6.3 ಬರುತ್ತದೆ, 7 ಮಿ.ಮೀ. ಇಡೋಣ. ಇದನ್ನು 3ಕ್ಕೆ ಇಳಿಸಿದರೆ ತಗಡು ಆ ಮೂಲೆಯಲ್ಲಿ ಬಗ್ಗಿ ಮತ್ತೆ ನೆಟ್ಟಗಾಗಲು ಹೆಚ್ಚು ಬಲ ಬೇಕಾಗುತ್ತದೆ, ಆ ಬಲ ಗೋಡೆಯ ಮೇಲೆಯೇ ಬೀಳುತ್ತದೆ. 12ಕ್ಕೆ ಏರಿಸಿದರೆ ಎಳೆತ ಹಗುರಾಗುತ್ತದೆ ನಿಜ, ಆದರೆ ಫ್ಲೇಂಜಿನ ಅಂಚು ಅದನ್ನು ಡೈ ಮೇಲೆ ಒತ್ತಿ ಹಿಡಿಯುವ ಬ್ಲ್ಯಾಂಕ್ ಹೋಲ್ಡರಿನ ಹಿಡಿತದಿಂದ ಬೇಗನೆ ತಪ್ಪಿಸಿಕೊಂಡು ದುಂಡಾದ ಮೂಲೆಯ ಮೇಲೆ ಯಾರೂ ಹಿಡಿಯದೆ ನಿಲ್ಲುತ್ತದೆ, ಅಲ್ಲಿ ಸುಕ್ಕುಗಟ್ಟುತ್ತದೆ.

ಸುಕ್ಕು ಹುಟ್ಟುವುದು ಹೇಗೆ, ಬ್ಲ್ಯಾಂಕ್ ಹೋಲ್ಡರಿಗೆ ಎಷ್ಟು ಬಲ

140 ಮಿ.ಮೀ. ಬ್ಲ್ಯಾಂಕಿನ ಅಂಚಿನ ಸುತ್ತಳತೆ 440 ಮಿ.ಮೀ. ಅದೇ ಅಂಚು 78ರ ಕಪ್ಪಿನ ಬಾಯಾದಾಗ 245 ಮಿ.ಮೀ. ಉಳಿದ 195 ಮಿ.ಮೀ. ಉದ್ದದ ವಸ್ತು ಎಲ್ಲಿಗಾದರೂ ಹೋಗಲೇಬೇಕು. ಸರಿಯಾಗಿ ನಡೆದರೆ ಅದು ಗೋಡೆಯ ಎತ್ತರಕ್ಕೂ ಅಂಚಿನ ದಪ್ಪಕ್ಕೂ ಹೋಗುತ್ತದೆ. ಅಂಚು 1 ಮಿ.ಮೀ. ಇದ್ದದ್ದು 1.2ರ ಹತ್ತಿರಕ್ಕೆ ಬೆಳೆಯುತ್ತದೆ. ಆದರೆ ತೆಳುವಾದ ತಗಡನ್ನು ಸುತ್ತಲಿಂದ ಒತ್ತಿದಾಗ ಅದಕ್ಕೆ ದಪ್ಪವಾಗುವುದಕ್ಕಿಂತ ಮೇಲೆ ಕೆಳಗೆ ಬಾಗುವುದು ಸುಲಭ. ಆ ಬಾಗುವಿಕೆಯೇ ಸುಕ್ಕು. ಬ್ಲ್ಯಾಂಕ್ ಮತ್ತು ಕಪ್ ವ್ಯಾಸಗಳ ವ್ಯತ್ಯಾಸ ದಪ್ಪದ ಸುಮಾರು 20 ಪಟ್ಟಿನೊಳಗಿದ್ದರೆ ಹೋಲ್ಡರ್ ಇಲ್ಲದೆಯೂ ನಡೆಯಬಹುದು. ನಮ್ಮಲ್ಲಿ ಅದು 62 ಪಟ್ಟು, ಹಾಗಾಗಿ ಹೋಲ್ಡರ್ ಅನಿವಾರ್ಯ.

ಮೆದು ಉಕ್ಕಿಗೆ ಪ್ರತಿ ಚದರ ಮಿಲಿಮೀಟರಿಗೆ 2ರಿಂದ 3 ನ್ಯೂಟನ್ ಒತ್ತಡ ಇಡುವುದು ವಾಡಿಕೆ, 2.5 ಹಿಡಿಯೋಣ. ಹಿಡಿತದಲ್ಲಿರುವ ಬಳೆಯ ಹೊರವ್ಯಾಸ 140, ಒಳವ್ಯಾಸ ಡೈ ತ್ರಿಜ್ಯ ಆರಂಭವಾಗುವ ಜಾಗ, ಅಂದರೆ 79.2ಕ್ಕೆ ಎರಡು ಬಾರಿ 7 ಸೇರಿಸಿ 93.2. ಆ ಬಳೆಯ ವಿಸ್ತೀರ್ಣ ಸುಮಾರು 8570 ಚದರ ಮಿ.ಮೀ., ಬೇಕಾದ ಬಲ ಸುಮಾರು 21.4 ಕಿಲೋನ್ಯೂಟನ್, ಶಾಪಿನ ಮಾತಿನಲ್ಲಿ 2.2 ಟನ್. ಪ್ರೆಸ್ಸಿನ ಕೆಳಗಿನ ಗಾಳಿ ಕುಶನ್ನಿನ ಪಿಸ್ಟನ್ 250 ಮಿ.ಮೀ. ವ್ಯಾಸದ್ದಾದರೆ ಗೇಜಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4.5 ಕೆ.ಜಿ. ಕಾಣಬೇಕು. ಸೆಟ್ಟಿಂಗ್ ಶುರುವಾಗಬೇಕಾದದ್ದು ಈ ಅಂಕಿಯಿಂದ, ಹಿಂದಿನ ಪಾಳಿಯವರು ಬಿಟ್ಟುಹೋದ ಅಂಕಿಯಿಂದಲ್ಲ.

ಗಾಳಿ ಕುಶನ್ ಇಲ್ಲದ ಸಣ್ಣ ಶಾಪ್‌ಗಳಲ್ಲಿ ಸ್ಪ್ರಿಂಗ್ ಅಥವಾ ರಬ್ಬರ್ ಪ್ಯಾಡ್ ಇಡುತ್ತಾರೆ. ಪಂಚ್ ಇಳಿದಷ್ಟೂ ಸ್ಪ್ರಿಂಗ್ ಕುಗ್ಗಿ ಅದರ ಬಲ ಏರುತ್ತದೆ, ಆದರೆ ಇತ್ತ ಫ್ಲೇಂಜ್ ಕಿರಿದಾಗುತ್ತ ಹೋಗಿ ಅದಕ್ಕೆ ಬೇಕಾದ ಹಿಡಿತ ಇಳಿಯುತ್ತಿರುತ್ತದೆ. 10 ಮಿ.ಮೀ. ಆಳದ ಮುಚ್ಚಳಕ್ಕೆ ಇದು ನಡೆದೀತು, 47 ಮಿ.ಮೀ. ಆಳಕ್ಕೆ ರಬ್ಬರನ್ನು ನಂಬಬಾರದು.

ಗೋಡೆಯ ತಾಳಿಕೆ ಮತ್ತು ಎಣ್ಣೆಯ ಪಾಲು

ಗೋಡೆ ಎಷ್ಟು ತಾಳುತ್ತದೆ? ಸುತ್ತಳತೆ 245, ದಪ್ಪ 1, ಉಕ್ಕಿನ ಬಿರಿಯುವ ಬಲ ಪ್ರತಿ ಚದರ ಮಿ.ಮೀ.ಗೆ 320 ನ್ಯೂಟನ್ ಎಂದರೆ ಒಟ್ಟು 78 ಕಿಲೋನ್ಯೂಟನ್, ಅಂದರೆ 8 ಟನ್. ಹೋಲ್ಡರಿನ ಬಲ ಸೇರಿಸಿದರೂ ಪ್ರೆಸ್ಸಿಗೆ ಸುಮಾರು 10 ಟನ್ ಹೊರೆ. ಇಷ್ಟಕ್ಕೆ ಯಾವ ಪ್ರೆಸ್ಸೂ ಸಾಕು ಎನ್ನುವ ಮೊದಲು, ಕ್ರ್ಯಾಂಕ್ ಪ್ರೆಸ್ಸಿನ ಮೇಲೆ ಬರೆದ ಟನ್ ಹೊಡೆತದ ಕೊನೆಯ ಕೆಲವು ಮಿಲಿಮೀಟರಿಗೆ ಮಾತ್ರ ಅನ್ವಯಿಸುತ್ತದೆ, 47 ಮಿ.ಮೀ. ಮೇಲೆ ಅದರ ಶಕ್ತಿ ಬಹಳ ಕಡಿಮೆ ಎಂಬುದನ್ನು ನೆನಪಿಡಬೇಕು. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಈ ತೊಂದರೆ ಇಲ್ಲ.

ಈಗ ಮುಖ್ಯವಾದ ವಿಚಾರಕ್ಕೆ ಬರೋಣ. ಹೋಲ್ಡರ್ ಒತ್ತುವುದರಿಂದ ಗೋಡೆಯ ಮೇಲೆ ಬೀಳುವ ಹೆಚ್ಚಿನ ಹೊರೆ ಎಷ್ಟು? ಎಣ್ಣೆ ಚೆನ್ನಾಗಿದ್ದು ಘರ್ಷಣೆಯ ಗುಣಾಂಕ 0.1 ಇದ್ದರೆ, ಮೇಲೆ ಕೆಳಗೆ ಎರಡೂ ಬದಿ ಸೇರಿ 21.4ರ ಐದನೇ ಒಂದು ಭಾಗ, ಸುಮಾರು 4.3 ಕಿಲೋನ್ಯೂಟನ್. ಗೋಡೆಯ 78ರ ಮುಂದೆ ಇದು ಚಿಕ್ಕದು. ಡೈ ತ್ರಿಜ್ಯದ ಮೇಲೆ ನಡೆಯುವುದು ಬೇರೆ: ತಗಡು ಅಲ್ಲಿ 90 ಡಿಗ್ರಿ ತಿರುಗುವಾಗ ಘರ್ಷಣೆ ಇಡೀ ಎಳೆತವನ್ನೇ ಗುಣಿಸುತ್ತದೆ. ಗುಣಾಂಕ 0.1 ಇದ್ದಾಗ ಎಳೆತ 1.17 ಪಟ್ಟು, ಎಣ್ಣೆ ಒಣಗಿ ಅಥವಾ ಡೈ ಮೂಲೆ ಗೀರುಬಿದ್ದು ಅದು 0.2 ಆದರೆ 1.37 ಪಟ್ಟು. ಆದ್ದರಿಂದ ಕಪ್ ಹರಿದ ಕೂಡಲೇ ಗಾಳಿಯ ವಾಲ್ವಿಗೆ ಕೈ ಹಾಕುವುದಕ್ಕಿಂತ ಮೊದಲು ಡೈ ತ್ರಿಜ್ಯವನ್ನು ಉಗುರಿನಿಂದ ಸವರಿ ನೋಡಬೇಕು. ಉಗುರು ಎಲ್ಲಾದರೂ ತಡೆದರೆ ಅಲ್ಲಿ ತಗಡಿನ ಕಣ ಅಂಟಿಕೊಂಡಿದೆ ಎಂದರ್ಥ. ಆಯಿಲ್ ಸ್ಟೋನಿನಿಂದ ತೆಗೆದು, ತಗಡು ಹರಿಯುವ ದಿಕ್ಕಿನಲ್ಲಿಯೇ ಪಾಲಿಶ್ ಮಾಡಬೇಕು.

ಎಣ್ಣೆಯನ್ನು ಬ್ಲ್ಯಾಂಕಿನ ಎರಡೂ ಬದಿಗೆ, ಹೊರಬಳೆಯ ಭಾಗಕ್ಕೆ ಹಚ್ಚಬೇಕು. ಪಂಚ್ ಮೂಗು ತಾಗುವ ನಡುಭಾಗಕ್ಕೆ ಹಚ್ಚದಿರುವುದೇ ಒಳ್ಳೆಯದು, ಏಕೆಂದರೆ ಅಲ್ಲಿ ಪಂಚ್ ಮತ್ತು ತಗಡಿನ ನಡುವಿನ ಘರ್ಷಣೆ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಅದು ಹೊರೆಯ ಸ್ವಲ್ಪ ಭಾಗವನ್ನು ತಾನು ಹೊತ್ತು, ಅತ್ಯಂತ ತೆಳುವಾಗುವ ಮೂಲೆಯನ್ನು ಕಾಪಾಡುತ್ತದೆ.

ದೋಷವನ್ನು ಓದುವುದು

ಹರಿದ ಕಪ್ಪನ್ನು ಸ್ಕ್ರ್ಯಾಪಿಗೆ ಎಸೆಯುವ ಮೊದಲು ಮೂರು ಸಂಗತಿ ನೋಡಬೇಕು: ಎಲ್ಲಿ ಹರಿದಿದೆ, ಎಷ್ಟು ಆಳಕ್ಕೆ ಹೋದಾಗ ಹರಿದಿದೆ, ಉಳಿದ ಫ್ಲೇಂಜ್ ಹೇಗಿದೆ. ತಳದ ಮೂಲೆಯ ಸ್ವಲ್ಪ ಮೇಲೆ ಸುತ್ತಲೂ ಬಳೆಯಂತೆ ಹರಿದು ತಳ ಮುಚ್ಚಳದ ಹಾಗೆ ಕಳಚಿ ಬಂದಿದ್ದರೆ, ಫ್ಲೇಂಜ್ ನಯವಾಗಿದ್ದರೆ, ಅದು ನೇರವಾದ ಅತಿಹೊರೆ. ಅನುಪಾತ ಹೆಚ್ಚು, ಪಂಚ್ ಮೂಗು ಚೂಪು, ಡೈ ತ್ರಿಜ್ಯ ಚಿಕ್ಕದು, ಎಣ್ಣೆ ಸಾಲದು, ತಗಡಿನ ದರ್ಜೆ ಬದಲಾಗಿದೆ, ಇವುಗಳಲ್ಲಿ ಒಂದು ಕಾರಣ. ಹೊರೆಯ ಶಿಖರ ಬರುವುದು ಹೊಡೆತದ ಮಧ್ಯಭಾಗದ ಒಳಗೆ ಅಥವಾ ಅದರ ಆಸುಪಾಸಿನಲ್ಲಾದ್ದರಿಂದ ಇಂಥ ಬಿರುಕು ಅಲ್ಲಿಯೇ ಕಾಣಿಸಿಕೊಳ್ಳುತ್ತದೆ. ಕೊನೆಯ ಕೆಲವು ಮಿಲಿಮೀಟರಿನಲ್ಲಿ ಹರಿದರೆ ಸ್ಪ್ರಿಂಗಿನ ಏರುವ ಬಲವನ್ನೋ, ದಪ್ಪವಾದ ಅಂಚು ಅಂತರದಲ್ಲಿ ಸಿಕ್ಕಿಕೊಳ್ಳುವುದನ್ನೋ ಅನುಮಾನಿಸಬೇಕು.

ಫ್ಲೇಂಜಿನಲ್ಲಿ ಸುಕ್ಕೂ ಇದ್ದು ತಳದಲ್ಲಿ ಬಿರುಕೂ ಇದ್ದರೆ ವಿಷಯವೇ ಬೇರೆ, ಹೆಚ್ಚು ಜನ ದಾರಿತಪ್ಪುವುದು ಇಲ್ಲಿ. ಸುಕ್ಕುಗಟ್ಟಿದ ಫ್ಲೇಂಜ್ 1.1 ಮಿ.ಮೀ. ಅಂತರದೊಳಗೆ ಇಳಿಯಲಾರದೆ ಡೈ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಪಂಚ್ ಮಾತ್ರ ಇಳಿಯುತ್ತಲೇ ಇರುತ್ತದೆ, ಗೋಡೆ ಹರಿಯುತ್ತದೆ. ನೋಡಿದವರಿಗೆ ಕಾಣುವುದು ಬಿರುಕು, ಅವರು ಹೋಲ್ಡರಿನ ಬಲ ಇಳಿಸುತ್ತಾರೆ, ಸುಕ್ಕು ಇನ್ನೂ ದೊಡ್ಡದಾಗುತ್ತದೆ, ಬಿರುಕು ಇನ್ನೂ ಬೇಗ ಬರುತ್ತದೆ. ಇಲ್ಲಿ ಬೇಕಾದದ್ದು ಬಲ ಏರಿಸುವುದು. ಯಾವುದು ಮೊದಲು ಬಂತು ಎಂದು ತಿಳಿಯಲು ಖಚಿತವಾದ ದಾರಿಯೊಂದಿದೆ: ಹೊಡೆತವನ್ನು 10, 20, 30 ಮಿ.ಮೀ. ಆಳದಲ್ಲಿ ನಿಲ್ಲಿಸಿ ಅರ್ಧ ಎಳೆದ ಕಪ್‌ಗಳನ್ನು ಹೊರತೆಗೆದು ಸಾಲಾಗಿ ಇಟ್ಟು, ಫ್ಲೇಂಜನ್ನು ಓರೆ ಬೆಳಕಿನಲ್ಲಿ ನೋಡುವುದು. ಬಿರುಕಿಗಿಂತ ಮೊದಲಿನ ಕಪ್ಪಿನಲ್ಲಿ ಅಲೆ ಕಂಡರೆ ಸುಕ್ಕೇ ಮೂಲ.

ಭೋಸರಿಯ ಒಂದು ಶಾಪಿನಲ್ಲಿ ಇಂಥದೇ ಕಪ್ ಓಡುತ್ತಿದ್ದಾಗ ವಿಜಯಪುರದ ಸೆಟರ್ ಒಬ್ಬರು ಕೈಯಲ್ಲಿ ಹರಿದ ಕಪ್ ಹಿಡಿದು ಕೇಳಿದರು: "ಸಾಹೇಬ್ರ, ಒಂದ್ ಕಡಿ ಸುಕ್ಕು ಬರ್ತೈತಿ, ಎದುರಿನ ಕಡಿ ಹರೀತೈತಿ. ಗಾಳಿ ಏರಸ್ಲೋ, ಇಳಸ್ಲೋ?" ಎರಡೂ ಬೇಡ ಎಂಬುದು ಅದರ ಉತ್ತರ. ಎದುರುಬದುರಾಗಿ ಸುಕ್ಕು ಮತ್ತು ಬಿರುಕು ಬಂದರೆ ಒಟ್ಟು ಬಲ ಸರಿಯಿದ್ದು ಅದರ ಹಂಚಿಕೆ ತಪ್ಪಿದೆ. ಹೋಲ್ಡರಿಗೆ ಬ್ಲೂ ಹಚ್ಚಿ, ಒಂದು ಬ್ಲ್ಯಾಂಕನ್ನು ಹಿಡಿಸಿ ತೆಗೆದಾಗ ಬಣ್ಣ ಅರ್ಧವೃತ್ತಕ್ಕೆ ಮಾತ್ರ ಅಂಟಿತ್ತು. ಕುಶನ್ ಪಿನ್ನುಗಳನ್ನು ಹೊರತೆಗೆದು ಸರ್ಫೇಸ್ ಪ್ಲೇಟಿನ ಮೇಲೆ ಹೈಟ್ ಗೇಜಿನಿಂದ ಅಳೆದರೆ ನಾಲ್ಕರಲ್ಲಿ ಒಂದು ಉಳಿದವುಗಳಿಗಿಂತ ಅರ್ಧ ಮಿಲಿಮೀಟರ್ ಗಿಡ್ಡವಾಗಿತ್ತು. ನಾಲ್ಕನ್ನೂ ಒಟ್ಟಿಗೆ ಗ್ರೈಂಡ್ ಮಾಡಿ ಒಂದೇ ಉದ್ದಕ್ಕೆ ತಂದ ಮೇಲೆ, ಗೇಜಿನ ಅಂಕಿ ಮುಟ್ಟದೆಯೇ ಕಪ್ ಸರಿಯಾಗಿ ಬಂತು. ಇದೇ ಲಕ್ಷಣ ಬ್ಲ್ಯಾಂಕ್ ನಡುವಿನಲ್ಲಿ ಕೂರದಿದ್ದಾಗಲೂ ಬರುತ್ತದೆ. ಆಗ ಕಪ್ಪಿನ ಬಾಯಿ ಒಂದು ಕಡೆ ಎತ್ತರ, ಎದುರು ಕಡೆ ತಗ್ಗು ಇರುತ್ತದೆ. ಬ್ಲ್ಯಾಂಕಿಂಗ್ ಡೈ ಮೊಂಡಾಗಿ ಅಂಚಿನಲ್ಲಿ ಬರ್ ಎದ್ದಿದ್ದರೂ ಹೋಲ್ಡರ್ ಆ ಬರ್ ಮೇಲೆ ನಿಂತು ಉಳಿದ ಭಾಗ ಸಡಿಲವಾಗುತ್ತದೆ.

ಫ್ಲೇಂಜ್ ನಯವಾಗಿದ್ದು ಗೋಡೆಯ ಮೇಲ್ಭಾಗದಲ್ಲಿ ಮಾತ್ರ ಸಣ್ಣ ಮಡಿಕೆಗಳು ಕಂಡರೆ ಡೈ ತ್ರಿಜ್ಯ ಅಥವಾ ಅಂತರ ದೊಡ್ಡದಾಗಿದೆ. ಹೋಲ್ಡರಿನ ಬಲ ಏರಿಸಿ ಇದನ್ನು ಸರಿಪಡಿಸಲಾಗದು.

ತಗಡಿನ ಬಗ್ಗೆ ಒಂದು ಮಾತು. ಪ್ರಮಾಣಪತ್ರದಲ್ಲಿ ಎರಿಕ್ಸನ್ ಅಂಕಿ ಚೆನ್ನಾಗಿದೆಯೆಂದು ನೆಮ್ಮದಿಯಾಗಿರಬಾರದು. ಆ ಪರೀಕ್ಷೆಯಲ್ಲಿ ತಗಡಿನ ಅಂಚನ್ನು ಬಿಗಿಯಾಗಿ ಹಿಡಿದು ನಡುವನ್ನು ಹಿಗ್ಗಿಸುತ್ತಾರೆ, ಫ್ಲೇಂಜ್ ಒಳಗೆ ಸರಿಯುವುದಿಲ್ಲ. ಕಪ್ ಎಳೆಯಲು ಬೇಕಾದ ಗುಣವನ್ನು ಹೆಚ್ಚು ಸರಿಯಾಗಿ ತೋರಿಸುವುದು ಆರ್ ಮೌಲ್ಯ, ಅಂದರೆ ಎಳೆದಾಗ ತಗಡು ಅಗಲದಲ್ಲಿ ಕುಗ್ಗುವುದಕ್ಕೂ ದಪ್ಪದಲ್ಲಿ ಕುಗ್ಗುವುದಕ್ಕೂ ಇರುವ ಅನುಪಾತ. ಅದು 1ಕ್ಕಿಂತ ಎಷ್ಟು ಮೇಲಿದೆಯೋ ಗೋಡೆ ತೆಳುವಾಗುವುದನ್ನು ತಗಡು ಅಷ್ಟು ತಡೆಯುತ್ತದೆ.

ಎರಡನೆಯ ಎಳೆತ ಮತ್ತು ಪಾಳಿಯ ತಪಾಸಣೆ

ಎರಡನೆಯ ಎಳೆತದಲ್ಲಿ ಹೋಲ್ಡರ್ ಚಪ್ಪಟೆ ತಟ್ಟೆಯಲ್ಲ, ಮೊದಲ ಕಪ್ಪಿನ 77ರ ಒಳವ್ಯಾಸದೊಳಗೆ ಸಡಿಲವಾಗಿ ಕೂರುವ, ಸುಮಾರು 76.8 ಮಿ.ಮೀ. ಹೊರವ್ಯಾಸದ ತೋಳಿನಂಥ ಬುಶ್. ಅದು ಕಪ್ಪನ್ನು ನಡುವಿನಲ್ಲಿ ನಿಲ್ಲಿಸುವ ಕೆಲಸವನ್ನೂ ಮಾಡುತ್ತದೆ. ಗೋಡೆ ಆಗಲೇ ಕೊಳವೆಯಾಕಾರದಲ್ಲಿ ಇರುವುದರಿಂದ ಸುಕ್ಕಿನ ಭಯ ಕಡಿಮೆ, ಹಗುರ ಹಿಡಿತ ಸಾಕು. ಇಲ್ಲಿನ ಬಿರುಕಿಗೆ ಹೆಚ್ಚಾಗಿ ಮೊದಲ ಎಳೆತದ ಮೂಲೆಯಲ್ಲಿ ಉಳಿದ ತೆಳುಪಟ್ಟಿಯೇ ಕಾರಣವಾಗಿರುತ್ತದೆ, ಹಾಗಾಗಿ ಎರಡನೆಯ ಡೈಯನ್ನು ತಿದ್ದುವ ಮೊದಲು ಮೊದಲ ಕಪ್ಪನ್ನು ಉದ್ದಕ್ಕೆ ಕೊಯ್ದು ಬಾಲ್ ಮೈಕ್ರೋಮೀಟರಿನಿಂದ ಅಳೆಯಬೇಕು. ತಳದಲ್ಲಿ ಹೆಚ್ಚುಕಡಿಮೆ 1.0, ಮೂಲೆಯ ಮೇಲೆ 0.85ರಿಂದ 0.9, ಬಾಯಿಯಲ್ಲಿ 1.1ರಿಂದ 1.2 ಬಂದರೆ ಆರೋಗ್ಯವಾಗಿದೆ. ಮೂಲೆಯಲ್ಲಿ 0.8ಕ್ಕಿಂತ ಕಡಿಮೆ ಕಂಡರೆ ಎರಡನೆಯ ಎಳೆತಕ್ಕೆ ಕಳಿಸಬಾರದು.

ಪ್ರತಿ ಪಾಳಿಯಲ್ಲೂ ಕಪ್ ಕೊಯ್ಯುತ್ತ ಕೂರಲಾಗದು. ಅದಕ್ಕೆ ಸೆಟ್ಟಿಂಗ್ ಕಾರ್ಡಿನಲ್ಲಿ ಬರೆದಿಟ್ಟ 47 ಮಿ.ಮೀ. ಉಪಯೋಗಕ್ಕೆ ಬರುತ್ತದೆ. ಮೊದಲ ಕಪ್ಪಿನ ಎತ್ತರವನ್ನು ಕಿವಿಗಳ ಮೇಲೂ ನಡುವಿನ ತಗ್ಗುಗಳಲ್ಲೂ ಅಳೆದು ಸರಾಸರಿ ತೆಗೆಯಿರಿ. ಅದೇ ಬ್ಲ್ಯಾಂಕಿನಿಂದ ಬಂದ ಕಪ್ ಬೆಳಿಗ್ಗೆ 47 ಇದ್ದದ್ದು ಮಧ್ಯಾಹ್ನ 48.5 ಆಗಿದ್ದರೆ ಹೊಸ ತಗಡು ಎಲ್ಲಿಂದಲೂ ಬಂದಿಲ್ಲ, ಗೋಡೆ ತೆಳುವಾಗಿ ಉದ್ದವಾಗಿದೆ ಎಂದರ್ಥ. ಆಗ ಪ್ರೆಸ್ ನಿಲ್ಲಿಸಿ ಎಣ್ಣೆ, ಡೈ ತ್ರಿಜ್ಯ, ಕುಶನ್ ಗೇಜ್, ಹೊಸದಾಗಿ ತೆರೆದ ತಗಡಿನ ಕಟ್ಟಿನ ದರ್ಜೆ, ಇದೇ ಅನುಕ್ರಮದಲ್ಲಿ ನೋಡುತ್ತ ಹೋಗಿ.